ನೂರು ರೂಪಾಯಿ ಹೋಯಿತು, ಹೆಸರೇಕೆ ಬರಲಿಲ್ಲ?

ಯಕ್ಷಗಾನದ ನೇರಪ್ರಸಾರ ನೋಡುತ್ತಿದ್ದ ಓದುಗರೊಬ್ಬರು ತೆರೆಯ ಮೂಲೆಯಲ್ಲಿದ್ದ ಕ್ಯೂಆರ್ ಕೋಡ್‌ಗೆ ನೂರು ರೂಪಾಯಿ ಹಾಕಿದರಂತೆ. ಸೂಪರ್ ಚಾಟ್ ಮಾಡಿದವರ ಹೆಸರು ಬಣ್ಣದ ಪಟ್ಟಿಯಲ್ಲಿ ಮಿಂಚಿತು, ಇವರದು ಬರಲೇ ಇಲ್ಲ. ದುಡ್ಡು ಎಲ್ಲಿ ಹೋಯಿತು ಎಂಬುದು ಅವರ ಪ್ರಶ್ನೆ.

ದುಡ್ಡು ಸೇರಬೇಕಾದ ಖಾತೆಗೇ ಸೇರಿದೆ. ಆ ಕೋಡ್‌ನೊಳಗೆ ಇರುವುದು ಇಂಥ ಒಂದು ಸಾಲು:

```
upi://pay?pa=mela@bank&pn=Mela&am=100&cu=INR&tn=Yakshagana
```

ಇದು ಅರ್ಧ ತುಂಬಿಸಿಟ್ಟ ಮನಿಯಾರ್ಡರ್ ಫಾರ್ಮ್. pa ಎಂದರೆ ವಿಳಾಸ, pn ಹೆಸರು, am ಮೊತ್ತ. tn ಎಂಬುದು ಫಾರ್ಮಿನ ಕೆಳಗೆ ಎರಡು ಮಾತು ಗೀಚಲು ಬಿಡುತ್ತಿದ್ದ ಜಾಗವಿದ್ದಂತೆ. ಅಂಚೆಯಣ್ಣ ಹಣವನ್ನು ಮೇಳದ ಯಜಮಾನರ ಮನೆಗೆ ಮುಟ್ಟಿಸುತ್ತಾನೆ. ರಂಗಸ್ಥಳದ ಪಕ್ಕ ಮೈಕು ಹಿಡಿದು ಕೂತವನಿಗೆ ಅದು ತಿಳಿಯುವುದು ಹೇಗೆ? ಯುಪಿಐಯಲ್ಲೂ ಹಾಗೆಯೇ. ಸುದ್ದಿ ಎರಡು ಬ್ಯಾಂಕುಗಳಿಗೆ, ಎರಡು ಮೊಬೈಲುಗಳಿಗೆ ಗೊತ್ತು. ಪ್ರಸಾರ ಮಾಡುವ ತಂತ್ರಾಂಶಕ್ಕೆ ಗೊತ್ತಿಲ್ಲ.

2017ರಲ್ಲಿ ಬಂದ ಸೂಪರ್ ಚಾಟ್‌ನಲ್ಲಿ ಹಣ ಪಡೆಯುವುದೂ ಪ್ರಸಾರ ಮಾಡುವುದೂ ಯೂಟ್ಯೂಬೇ, ಹಾಗಾಗಿ ಹೆಸರು ತಕ್ಷಣ ಬರುತ್ತದೆ. ಮೊತ್ತ ಹೆಚ್ಚಿದಂತೆ ಪಟ್ಟಿಯ ಬಣ್ಣ ಬದಲಾಗುತ್ತದೆ, ಅದು ಚಾಟ್‌ನ ಮೇಲ್ತುದಿಯಲ್ಲಿ ನಿಲ್ಲುವ ಹೊತ್ತೂ ಹೆಚ್ಚುತ್ತದೆ, ಗರಿಷ್ಠ 5 ಗಂಟೆಯವರೆಗೆ. ಆದರೆ ತೆರಿಗೆ ಕಳೆದು ಉಳಿದದ್ದರಲ್ಲಿ ಚಾನೆಲ್‌ನವರಿಗೆ ಸಿಗುವುದು ಶೇ. 70. ವೈಯಕ್ತಿಕ ಖಾತೆಗೆ ಯುಪಿಐ ಮಾಡಿದರೆ ನೂರಕ್ಕೆ ನೂರೂ ಸಿಗುತ್ತದೆ. ಕಲಾವಿದರ ಕೈಗೆ ಹೆಚ್ಚು ಸೇರಲಿ ಎನ್ನುವವರಿಗೆ ನನ್ನ ಮತ ಕ್ಯೂಆರ್‌ಗೇ.

ಇವೆರಡರ ನಡುವಿನ ದಾರಿ ಪೇಮೆಂಟ್ ಲಿಂಕ್. ನೋಡುಗರು ಅದನ್ನು ತೆರೆದು ಹೆಸರು, ಸಂದೇಶ ಬರೆದು ಹಣ ಕಟ್ಟುತ್ತಾರೆ. ಬ್ಯಾಂಕ್ ಹೂಂ ಎಂದೊಡನೆ ಪೇಮೆಂಟ್ ಗೇಟ್‌ವೇ ‘ಇಂಥವರು ಇಷ್ಟು ಕೊಟ್ಟರು’ ಎಂದು ಪ್ರಸಾರದ ತಂತ್ರಾಂಶಕ್ಕೆ ವೆಬ್‌ಹುಕ್ ಕಳಿಸುತ್ತದೆ, ಆಗ ತೆರೆಯ ಮೇಲೆ ಹೆಸರು ಮೂಡುತ್ತದೆ. ಈ ಸೇವೆಗೆ ಗೇಟ್‌ವೇ ಶುಲ್ಕ ಹಿಡಿಯುತ್ತದೆ. ನೇರಪ್ರಸಾರವೇ ಕೆಲವು ಸೆಕೆಂಡು ಹಿಂದೆ ಓಡುವುದರಿಂದ ಹೆಸರು ಕಾಣಲಿಲ್ಲವೆಂದು ಮತ್ತೆ ಹಣ ಕಳಿಸುವವರಿದ್ದಾರೆ. ಅದಕ್ಕೆ ಮೊದಲು ಆ್ಯಪ್‌ನಲ್ಲಿ ಪಾವತಿ ಯಶಸ್ವಿ ಎಂದಿದೆಯೋ, ಬಾಕಿ ಎಂದಿದೆಯೋ ನೋಡಿ. ವಿಚಾರಿಸಬೇಕಾದರೆ ಅಲ್ಲೇ ಇರುವ 12 ಅಂಕಿಯ ಯುಟಿಆರ್ ಸಂಖ್ಯೆ ಬೇಕಾಗುತ್ತದೆ.

ಇನ್ನೊಂದು ವಿಷಯ ಬಹಳ ಜನ ಗಮನಿಸಿಲ್ಲ. ಯುಪಿಐಯಲ್ಲಿ ಕೊಟ್ಟವರ ಹೆಸರೂ ಐಡಿಯೂ ಪಡೆದವರಿಗೆ ಕಾಣುತ್ತವೆ. ಕೆಲವರ ಐಡಿಯಲ್ಲಿ ಮೊಬೈಲ್ ನಂಬರೇ ಇರುತ್ತದೆ. ಪಾವತಿಯ ಸ್ಕ್ರೀನ್‌ಶಾಟನ್ನು ಪ್ರಸಾರದಲ್ಲಿ ತೋರಿಸಬಾರದು.

ಪ್ರಸಾರ ಮಾಡುವವರು ಕೋಡ್‌ನ ಕೆಳಗೆ ಹೀಗೆ ಬರೆದರೆ ಸಾಕು: ‘ಇಲ್ಲಿ ಕಳಿಸಿದವರ ಹೆಸರು ತೆರೆಯ ಮೇಲೆ ತಾನಾಗಿ ಬರುವುದಿಲ್ಲ. ಟಿಪ್ಪಣಿಯಲ್ಲಿ ಹೆಸರು ಬರೆದರೆ ಪ್ರಸಂಗ ಮುಗಿದ ಮೇಲೆ ಓದುತ್ತೇವೆ. ಕೋರಿಕೆಯ ಪದ್ಯ ಹಾಡಿಸುವ ಭರವಸೆ ಇಲ್ಲ. ಇದು ಮೆಚ್ಚುಗೆಯ ಹಣ, 80ಜಿ ತೆರಿಗೆ ವಿನಾಯಿತಿ ಸಿಗದು.’ ಇಷ್ಟು ಬರೆಯದ ಚಾನೆಲ್‌ನವರನ್ನು, ಹಣ ಕಳಿಸುವ ಮೊದಲೇ ಚಾಟ್‌ನಲ್ಲಿ ಕೇಳಿಬಿಡಿ.