ಉಳಿದ ಗಂಟೆ, ಉಳಿಯದ ಹಣ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಹೊಸೂರಿನಲ್ಲೂ ಅದರದೊಂದು ಘಟಕ. ತಿಂಗಳಿಗೆ ಸಾವಿರಕ್ಕೂ ಹೆಚ್ಚು ಖರೀದಿ ಬಿಲ್ಲುಗಳು. ಪೂರೈಕೆದಾರರು ಸಲ್ಲಿಸಿದ ವಿವರ ಪ್ರತಿ ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ ಪಟ್ಟಿಯಾಗಿ ಸಿಗುತ್ತದೆ. 20ರೊಳಗೆ ತೆರಿಗೆ ಕಟ್ಟಿ 3ಬಿ ಸಲ್ಲಿಸಬೇಕು. ನಡುವಿನ ಆರು ದಿನ ಅಕೌಂಟ್ಸ್‌ನವರು ಆ ಪಟ್ಟಿಯನ್ನು ತಮ್ಮ ಖರೀದಿ ಲೆಡ್ಜರ್ ಜೊತೆ ತಾಳೆ ನೋಡುತ್ತ ರಾತ್ರಿ ಒಂಬತ್ತರವರೆಗೆ ಕೂರುತ್ತಾರೆ. 2022ರ ಜನವರಿಯಿಂದ ನಿಯಮ ಬಿಗಿಯಾಗಿದೆ: ಪಟ್ಟಿಯಲ್ಲಿ ಕಾಣದ ಬಿಲ್ಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳುವಂತಿಲ್ಲ.

ಈ ತಾಳೆಯನ್ನು ಮಾಡಿಕೊಡುವ ಸಾಫ್ಟ್‌ವೇರ್ ಬೇಕೆಂದು ಅಲ್ಲಿನ ಹಿರಿಯ ಅಕೌಂಟೆಂಟ್ ವಿಭಾಗದ ಮುಖ್ಯಸ್ಥರಿಗೆ ಬರೆಯುತ್ತಾರೆ. ಮೊದಲ ಕರಡಿನಲ್ಲಿ ಎಲ್ಲರೂ ಬರೆಯುವುದೇ ಇರುತ್ತದೆ: ‘ತಿಂಗಳಿಗೆ 34 ಗಂಟೆ ಉಳಿಯುತ್ತದೆ, ಗಂಟೆಗೆ 200 ರೂಪಾಯಿಯಂತೆ ವರ್ಷಕ್ಕೆ 81,600 ರೂಪಾಯಿ ಉಳಿತಾಯ.’ ಮುಖ್ಯಸ್ಥರು ಕೇಳುವುದು ಒಂದೇ ಪ್ರಶ್ನೆ: “ಹಾಗಾದರೆ ಯಾರ ಸಂಬಳ ಕಡಿಮೆ ಆಗುತ್ತೆ?” ಯಾರದ್ದೂ ಆಗುವುದಿಲ್ಲ. ಉಳಿದ ಗಂಟೆಯಲ್ಲಿ ಬೇರೆ ಕೆಲಸ ನಡೆಯಬಹುದು, ಅದು ಒಳ್ಳೆಯದೇ. ಆದರೆ ಬ್ಯಾಂಕ್ ಖಾತೆಯಿಂದ ಹೊರಹೋಗುವ ಹಣ ಅಷ್ಟೇ ಇರುತ್ತದೆ. ಇಂಥ ಮನವಿಗಳು ಹೆಚ್ಚಾಗಿ ಬಿದ್ದುಹೋಗುವುದು ಇಲ್ಲೇ.

ಹಾಗಾಗಿ ಎರಡನೇ ಕರಡಿನಲ್ಲಿ ಗಂಟೆಗಳು ಒಂದು ಸಾಲಿಗೆ ಇಳಿಯುತ್ತವೆ. ಲೆಡ್ಜರ್‌ನಲ್ಲಿ ತೋರಿಸಬಹುದಾದ ಹಣ ಮುಂದೆ ಬರುತ್ತದೆ. ಆ ಆರು ರಾತ್ರಿಗಳಿಗೆ ಕಳೆದ ವರ್ಷ ಕೊಟ್ಟ ಓವರ್‌ಟೈಮ್ 72,000 ರೂಪಾಯಿ. ಅದರಲ್ಲಿ 48,000 ತಪ್ಪುತ್ತದೆ. ಇದಕ್ಕಿಂತ ದೊಡ್ಡದು ಕೈತಪ್ಪಿದ ಕ್ರೆಡಿಟ್. ಒಂದು ಹಣಕಾಸು ವರ್ಷದ ಬಿಲ್ಲಿನ ಕ್ರೆಡಿಟ್ ಪಡೆಯಲು ಮುಂದಿನ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದೇ ಗಡುವು. ಆಮೇಲೆ ಹೋಯಿತೆಂದರೆ ಹೋಯಿತು. ಹಾಗೆ ಹೋದದ್ದು 1,80,000. ಇದನ್ನೆಲ್ಲ ಸಾಫ್ಟ್‌ವೇರ್ ಉಳಿಸುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅಂಗಡಿ ಮುಚ್ಚಿಕೊಂಡು ಹೋದ ಪೂರೈಕೆದಾರನನ್ನು ಯಾವ ಸಾಫ್ಟ್‌ವೇರೂ ರಿಟರ್ನ್ ಸಲ್ಲಿಸುವಂತೆ ಮಾಡದು. ಬಿಲ್ಲು ಬಿಲ್ಲಾಗಿ ನೋಡಿ, ಮೊದಲೇ ಗೊತ್ತಾಗಿದ್ದರೆ ಪಾವತಿ ತಡೆಹಿಡಿಯಬಹುದಾಗಿದ್ದವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ 90,000 ಬರುತ್ತದೆ. ಎರಡೂ ಸೇರಿ ವರ್ಷಕ್ಕೆ 1,38,000.

ಇನ್ನು ಖರ್ಚು. ಕೊಟೇಶನ್‌ನಲ್ಲಿ 36,000 ಎಂದಿರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರತಿ ಜಿಎಸ್‌ಟಿ ನೋಂದಣಿಗೆ’. ಹೊಸೂರು ತಮಿಳುನಾಡಿಗೆ ಸೇರಿದ್ದು, ಅಲ್ಲಿಗೆ ಬೇರೆ ನೋಂದಣಿ. ಹಾಗಾಗಿ 72,000. ಮೊದಲ ವರ್ಷ ಅಳವಡಿಕೆಗೆ 15,000 ಸೇರಿ 87,000. ಇದರ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು. ಅದು ಕ್ರೆಡಿಟ್ ಆಗಿ ಹಿಂದಿರುಗುವುದರಿಂದ ವೆಚ್ಚಕ್ಕೆ ಸೇರಿಸಬೇಕಿಲ್ಲ.

ಮೊದಲ ಎರಡು ತಿಂಗಳು ಹಳೆಯದು ಹೊಸದು ಎರಡೂ ಜೊತೆಯಾಗಿ ನಡೆಯಬೇಕು, ಇಲ್ಲದಿದ್ದರೆ ಸಾಫ್ಟ್‌ವೇರ್ ಸರಿಯಾಗಿ ಹೊಂದಿಸುತ್ತಿದೆಯೇ ಎಂದು ತಿಳಿಯುವುದಿಲ್ಲ. ಹಾಗಾಗಿ ಮೊದಲ ವರ್ಷದ ಉಳಿತಾಯ ಹತ್ತು ತಿಂಗಳದ್ದು, 1,15,000. ಖರ್ಚು ಕಳೆದು ಮಿಗುವುದು 28,000. ಎರಡನೇ ವರ್ಷ 66,000. ಅಂದುಕೊಂಡದ್ದರಲ್ಲಿ ಅರ್ಧವೇ ಉಳಿದರೆ? ಮೊದಲ ವರ್ಷ 29,500 ನಷ್ಟ, ಎರಡನೇ ವರ್ಷವೂ 3,000 ಕೈಬಿಡುತ್ತದೆ. ಈ ಸಾಲನ್ನು ಮುಚ್ಚಿಡದೆ ಬರೆಯಬೇಕು ಎನ್ನುವುದು ನನ್ನ ಪಕ್ಷ. ಮುಖ್ಯಸ್ಥರು ತಾವೇ ಆ ಲೆಕ್ಕ ಹಾಕಿದರೆ ಉಳಿದ ಅಂಕಿಗಳನ್ನೂ ಅನುಮಾನದಿಂದಲೇ ನೋಡುತ್ತಾರೆ.

ಹೋಲಿಕೆ ಎರಡು ಕಂಪನಿಗಳ ದರಪಟ್ಟಿಗಳ ನಡುವೆ ಮಾತ್ರ ಇದ್ದರೆ ಸಾಲದು. ಏನೂ ಕೊಳ್ಳದೆ ಎಕ್ಸೆಲ್‌ನಲ್ಲೇ ಮುಂದುವರಿಯುವುದೂ ಒಂದು ಆಯ್ಕೆ, ಅದರ ಬೆಲೆ ಮೇಲೆ ಹೇಳಿದ ಓವರ್‌ಟೈಮ್ ಮತ್ತು ಕೈತಪ್ಪಿದ ಕ್ರೆಡಿಟ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ತಾಳೆ ನೋಡಲು ಉಚಿತ ಆಫ್‌ಲೈನ್ ಟೂಲ್ ಕೂಡ ಇದೆ. “ಅದು ಯಾಕೆ ಬೇಡ?” ಎಂದು ಕೇಳಿಯೇ ಕೇಳುತ್ತಾರೆ. ಒಂದು ತಿಂಗಳ ಬಿಲ್ಲುಗಳನ್ನು ಅದರಲ್ಲಿ ಹಾಕಿ ನೋಡಿ, ಎಷ್ಟು ಹೊಂದಿದವು, ಎಷ್ಟನ್ನು ಕೈಯಿಂದ ನೋಡಬೇಕಾಯಿತು ಎಂದು ಬರೆಯುವುದೇ ಉತ್ತರ. ತೊಡಕು ಎಲ್ಲಿದೆಯೆಂದರೆ, ಪೂರೈಕೆದಾರ ‘045/24-25’ ಎಂದು ಹಾಕಿದ್ದನ್ನು ನಮ್ಮವರು ‘45/24-25’ ಎಂದು ಟೈಪ್ ಮಾಡಿರುತ್ತಾರೆ. ಎಕ್ಸೆಲ್‌ನ ವಿಲುಕಪ್ ಸೂತ್ರಕ್ಕೆ ಇವೆರಡೂ ಬೇರೆ ಬೇರೆ ಬಿಲ್ಲು. ಹಣ ಕೊಡುವುದು ಇಂಥವನ್ನು ಗುರುತಿಸುವುದಕ್ಕೇ. ಉಚಿತ ಟೂಲೇ ಸಾಕೆಂದು ಕಂಡರೆ ಮನವಿ ಅಲ್ಲಿಗೇ ಮುಗಿಯಿತು, ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ.

ಕೊನೆಯ ಪತ್ರ ಒಂದೇ ಪುಟದ್ದು: ‘ಸರ್, ಪೀಣ್ಯದ ನೋಂದಣಿಗೆ ಮಾತ್ರ ಮೂರು ತಿಂಗಳು ಪರೀಕ್ಷಾರ್ಥವಾಗಿ ತೆಗೆದುಕೊಳ್ಳಲು ಒಪ್ಪಿಗೆ ಕೋರುತ್ತೇನೆ. ಓವರ್‌ಟೈಮ್ ಮೂರನೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯದಿದ್ದರೆ ಮುಂದುವರಿಸುವುದಿಲ್ಲ. ನವೀಕರಣದ ದರವನ್ನು ಎರಡು ವರ್ಷ ಏರಿಸುವುದಿಲ್ಲವೆಂದೂ, ಬಿಟ್ಟರೆ ನಮ್ಮ ದತ್ತಾಂಶವನ್ನು ಎಕ್ಸೆಲ್ ಫೈಲಿನಲ್ಲಿ ಕೊಡುತ್ತಾರೆಂದೂ ಬರವಣಿಗೆಯಲ್ಲಿ ಪಡೆದಿದ್ದೇನೆ. ಕೊಟೇಶನ್ ಈ ತಿಂಗಳ 30ರವರೆಗೆ ಚಾಲ್ತಿಯಲ್ಲಿದೆ.’ ಲೆಕ್ಕದ ಹಾಳೆ ಜೊತೆಗಿರುತ್ತದೆ. ಓವರ್‌ಟೈಮ್ ವೋಚರುಗಳ ಪ್ರತಿಯೂ.