63.6 ಡಿಗ್ರಿಯೋ, 116.4 ಡಿಗ್ರಿಯೋ?

ಒಂದು ವಸ್ತುವಿನ ಮೇಲೆ F = 2i − 2j + k ನ್ಯೂಟನ್ ಬಲ ಬಿದ್ದಿದೆ. ಆ ಬಲ ಇದ್ದಾಗಲೇ ವಸ್ತು s = −2i + j + 2k ಮೀಟರ್ ಸರಿದಿದೆ. ಬಲಕ್ಕೂ ವಸ್ತು ಸರಿದ ದಿಕ್ಕಿಗೂ ನಡುವೆ ಎಷ್ಟು ಕೋನ? ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಪರಿಚಿತವಾದ ಲೆಕ್ಕ ಇದು. ಇಲ್ಲಿ i, j, k ಎಂದರೆ ಒಂದಕ್ಕೊಂದು ಲಂಬವಾದ ಮೂರು ದಿಕ್ಕುಗಳ ಗುರುತು. ಇಬ್ಬರು ವಿದ್ಯಾರ್ಥಿಗಳು ಈ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡಿ, ಗುಣಾಕಾರದಲ್ಲಿ ಒಂದೂ ತಪ್ಪದೆ, ಒಬ್ಬರು 116.4 ಡಿಗ್ರಿ ಎಂದೂ ಇನ್ನೊಬ್ಬರು 63.6 ಡಿಗ್ರಿ ಎಂದೂ ಬರೆಯಬಹುದು. ಸರಿಯಾದದ್ದು ಒಂದೇ.

ಮೊದಲನೆಯ ದಾರಿ ಡಾಟ್ ಪ್ರಾಡಕ್ಟ್. ಬಲದ ಎಷ್ಟು ಪಾಲು ಚಲನೆಯ ದಾರಿಗುಂಟ ಬೀಳುತ್ತದೆ ಎಂದು ಅಳೆದು, ಅದನ್ನು ಸರಿದ ದೂರದಿಂದ ಗುಣಿಸುವುದೇ ಅದರ ಕೆಲಸ. ಬರುವ ಉತ್ತರ ದಿಕ್ಕಿಲ್ಲದ ಒಂದು ಸಂಖ್ಯೆ. ಸೂತ್ರ F·s = Fs cos θ. i ಜೊತೆ i, j ಜೊತೆ j, k ಜೊತೆ k ಗುಣಿಸಿ ಕೂಡಿದರೆ −4 − 2 + 2, ಅಂದರೆ −4 ಜೂಲ್. ಎರಡೂ ಸದಿಶಗಳ ಪರಿಮಾಣ 3, ಏಕೆಂದರೆ ಎರಡರಲ್ಲೂ ವರ್ಗಗಳ ಮೊತ್ತ 9. ಹಾಗಾಗಿ cos θ = −4/9, θ = 116.4 ಡಿಗ್ರಿ. ಆ ಋಣಚಿಹ್ನೆಯನ್ನು ಗಮನಿಸಿ. ಬಲ ಇಲ್ಲಿ ಚಲನೆಗೆ ನೆರವಾಗುತ್ತಿಲ್ಲ, ತಡೆಯುತ್ತಿದೆ.

ಎರಡನೆಯ ದಾರಿ ಕ್ರಾಸ್ ಪ್ರಾಡಕ್ಟ್. ಇದಕ್ಕೆ ಬೇಕಾದದ್ದು ಒಂದು ಸದಿಶಕ್ಕೆ ಲಂಬವಾಗಿ ನಿಲ್ಲುವ ಇನ್ನೊಂದರ ಪಾಲು. ಸ್ಪ್ಯಾನರ್ ಹಿಡಿದು ಬೋಲ್ಟ್ ತಿರುಗಿಸುವಾಗ ಹಿಡಿಗೆ ಅಡ್ಡಲಾಗಿ ಒತ್ತಿದ ಬಲ ಮಾತ್ರ ಬೋಲ್ಟನ್ನು ತಿರುಗಿಸುತ್ತದೆ. ಆ ಟಾರ್ಕನ್ನು ಲೆಕ್ಕ ಹಾಕುವುದು ಈ ಗುಣಾಕಾರದಿಂದಲೇ. ಉತ್ತರವೂ ಒಂದು ಸದಿಶ. ಅದು ಎರಡೂ ಸದಿಶಗಳಿಗೆ ಲಂಬವಾಗಿ, ಬಲಗೈ ನಿಯಮ ಹೇಳುವ ಕಡೆಗೆ ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ F × s = −5i − 6j − 2k. ಇದರ ಪರಿಮಾಣ √65, ಸುಮಾರು 8.06. ಹಾಗಾಗಿ sin θ = 8.06/9 = 0.896. ಕ್ಯಾಲ್ಕ್ಯುಲೇಟರ್‌ನಲ್ಲಿ ವಿಲೋಮ ಸೈನ್ ಒತ್ತಿದರೆ 63.6 ಬರುತ್ತದೆ.

ತಪ್ಪಿದ್ದು ಇಲ್ಲಿ. ಎರಡು ಸದಿಶಗಳ ನಡುವಿನ ಕೋನ 0ಯಿಂದ 180 ಡಿಗ್ರಿಯವರೆಗೆ ಎಷ್ಟಾದರೂ ಇರಬಹುದು. ಆ ವ್ಯಾಪ್ತಿಯಲ್ಲಿ 63.6ಕ್ಕೂ 116.4ಕ್ಕೂ ಸೈನ್ ಒಂದೇ, ಏಕೆಂದರೆ ಎರಡೂ ಸೇರಿದರೆ 180. ಯಾವುದು ಬೇಕೆಂದು ಕ್ಯಾಲ್ಕ್ಯುಲೇಟರ್ ಕೇಳುವುದಿಲ್ಲ, ಸದಾ ಚಿಕ್ಕದನ್ನೇ ಕೊಡುತ್ತದೆ. ಕೊಸೈನ್ ಹಾಗಲ್ಲ. 90 ಡಿಗ್ರಿ ದಾಟಿದ ಕೂಡಲೇ ಅದರ ಚಿಹ್ನೆ ಬದಲಾಗುತ್ತದೆ, ಹಾಗಾಗಿ ಪ್ರತಿ ಕೋನಕ್ಕೂ ಅದರ ಬೆಲೆ ಬೇರೆ. ಕೋನ ಕೇಳಿದಾಗ ಮೊದಲು ಡಾಟ್ ಪ್ರಾಡಕ್ಟ್ ಮಾಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಕ್ರಾಸ್ ಪ್ರಾಡಕ್ಟ್‌ನಿಂದಲೇ ಹೊರಟಿದ್ದರೂ ಡಾಟ್ ಪ್ರಾಡಕ್ಟ್‌ನ ಚಿಹ್ನೆಯನ್ನಾದರೂ ನೋಡಲೇಬೇಕು. ಅದು ಋಣವಾಗಿದ್ದರೆ ಬಂದ ಕೋನವನ್ನು 180ರಿಂದ ಕಳೆಯಬೇಕು.

ಆದರೆ ಕೊಸೈನ್‌ಗೂ ಒಂದು ದೌರ್ಬಲ್ಯವಿದೆ. ಕೋನ ತೀರಾ ಚಿಕ್ಕದಾದಾಗ ಅದು ಅಲುಗಾಡುವುದೇ ಇಲ್ಲ. 1 ಡಿಗ್ರಿಯ ಕೊಸೈನ್ 0.99985. ಮೂರು ದಶಮಾಂಶಕ್ಕೆ ದುಂಡುಗೊಳಿಸಿದರೆ ಅದು 1.000 ಆಗಿ, ಕೋನ ಸೊನ್ನೆ ಎಂಬ ಉತ್ತರ ಬರುತ್ತದೆ. ಅದೇ 1 ಡಿಗ್ರಿಯ ಸೈನ್ 0.0175, ಚೆನ್ನಾಗಿ ಎದ್ದು ಕಾಣುತ್ತದೆ. 180ರ ಹತ್ತಿರವೂ ಇದೇ ಕಥೆ. ಅಂಥ ಕಡೆ ಕ್ರಾಸ್ ಪ್ರಾಡಕ್ಟ್ ಹೆಚ್ಚು ನಂಬಿಕಸ್ಥ.

ಈ ಎರಡೂ ಗುಣಾಕಾರಗಳು ಹುಟ್ಟುವಾಗ ಒಂದೇ ಆಗಿದ್ದವು. 1843ರಲ್ಲಿ ಡಬ್ಲಿನ್‌ನಲ್ಲಿ ಹ್ಯಾಮಿಲ್ಟನ್ ಕಂಡುಹಿಡಿದ ಕ್ವಾಟರ್ನಿಯನ್ ಗುಣಾಕಾರ ಎರಡನ್ನೂ ಒಟ್ಟಿಗೇ ಕೊಡುತ್ತಿತ್ತು, ಡಾಟ್ ಭಾಗದ ಚಿಹ್ನೆ ಮಾತ್ರ ತಿರುಗಿರುತ್ತಿತ್ತು. ಅಮೆರಿಕದ ಯೇಲ್‌ನಲ್ಲಿ ಪಾಠ ಹೇಳುತ್ತಿದ್ದ ಗಿಬ್ಸ್ ಅವೆರಡನ್ನೂ ಬಿಡಿಸಿ, 1881ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಟಿಪ್ಪಣಿ ಅಚ್ಚುಮಾಡಿಸಿದರು. ಭೌತಶಾಸ್ತ್ರಕ್ಕೆ ಅದರಿಂದ ಅನುಕೂಲವೇ ಆಯಿತು. ಕೋನದ ಮಟ್ಟಿಗೆ ಮಾತ್ರ ಎರಡನ್ನೂ ಮತ್ತೆ ಕೂಡಿಸುವುದು ಒಳ್ಳೆಯದು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ tan θ = |F × s| / (F·s). ಪರಿಮಾಣಗಳು ಎರಡೂ ಕಡೆ ಹೊಡೆದುಹೋಗುತ್ತವೆ. ನಮಗೆ ಸಿಗುವುದು 8.06/(−4) = −2.016. ಕ್ಯಾಲ್ಕ್ಯುಲೇಟರ್ −63.6 ತೋರಿಸುತ್ತದೆ, 180 ಕೂಡಿದರೆ 116.4. ಪ್ರವೇಶ ಪರೀಕ್ಷೆಗಳಲ್ಲಿ |A × B| = √3 (A·B) ಎಂದು ಕೊಟ್ಟು ಕೋನ ಕೇಳುವ ಪ್ರಶ್ನೆಯ ಒಳಗುಟ್ಟೂ ಇದೇ: tan θ = √3, θ = 60 ಡಿಗ್ರಿ.

ಪ್ರಶ್ನೆ ಚಿತ್ರದ ರೂಪದಲ್ಲಿ ಬಂದರೆ ಇನ್ನೊಂದು ಎಚ್ಚರ ಬೇಕು. ಈ ಸೂತ್ರಗಳಲ್ಲಿರುವ θ ಎರಡೂ ಬಾಣಗಳ ಬಾಲಗಳನ್ನು ಒಂದೇ ಬಿಂದುವಿನಲ್ಲಿಟ್ಟಾಗ ಕಾಣುವ ಕೋನ. ಸಮಬಾಹು ತ್ರಿಭುಜದ ಎರಡು ಬದಿಗಳಲ್ಲಿ ಮೊದಲ ಬಾಣದ ತುದಿಯಿಂದ ಎರಡನೆಯದು ಹೊರಟಿದ್ದರೆ, ತ್ರಿಭುಜದೊಳಗೆ ಕಾಣುವ 60 ಡಿಗ್ರಿಯನ್ನು ಸೂತ್ರಕ್ಕೆ ಹಾಕುವಂತಿಲ್ಲ. ಎರಡನೆಯ ಬಾಣವನ್ನು ದಿಕ್ಕು ಬದಲಿಸದೆ ಮೊದಲನೆಯದರ ಬಾಲಕ್ಕೆ ಸರಿಸಿ ನೋಡಿದರೆ ಅವುಗಳ ನಡುವಿನ ಕೋನ 120 ಡಿಗ್ರಿ.