ಮಂಡಿ ನೋವು ಹೋಯಿತು, ಕವಾಟದ ಗಾಯ ಉಳಿಯಿತು

ಒಂಬತ್ತು ವರ್ಷದ ಹುಡುಗಿಗೆ ಗಂಟಲು ನೋವು, ಜ್ವರ. ಉಪ್ಪುನೀರು ಮುಕ್ಕಳಿಸಿ ನಾಲ್ಕು ದಿನಕ್ಕೆ ವಾಸಿಯಾಯಿತು. ಎರಡು ಮೂರು ವಾರ ಕಳೆದ ಮೇಲೆ ಬಲ ಮಂಡಿ ಊದಿಕೊಂಡು, ಮುಟ್ಟಿದರೆ ಚೀರುವಷ್ಟು ನೋವು. ಅದು ಇಳಿಯುವಷ್ಟರಲ್ಲಿ ಎಡಗಾಲಿನ ಹರಡು ಹಿಡಿದುಕೊಂಡಿತು. ನೋವಿನ ಮಾತ್ರೆ ನುಂಗಿದ್ದೇ ತಡ, ಎಲ್ಲ ಮಾಯ. ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜವೆಂದು ಮನೆಯವರು ಸುಮ್ಮನಾದರು. ಇದು ಯಾರೋ ಒಬ್ಬಳ ಕಥೆಯಲ್ಲ. ಹೃದ್ರೋಗ ತಜ್ಞರು ಮತ್ತೆ ಮತ್ತೆ ಕೇಳುವ ಕಥೆ, ಅದೂ ಎಷ್ಟೋ ವರ್ಷ ತಡವಾಗಿ.

ಗಂಟಲಿಗೆ ಬಂದಿದ್ದದ್ದು ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ. ಅದರ ಮೈಮೇಲಿನ ಒಂದು ಪ್ರೋಟೀನಿಗೂ ನಮ್ಮ ಹೃದಯದ ಪ್ರೋಟೀನಿಗೂ ಹೋಲಿಕೆಯಿದೆ. ಕೆಲವು ಮಕ್ಕಳಲ್ಲಿ ರೋಗನಿರೋಧಕ ವ್ಯವಸ್ಥೆ ಇಲ್ಲಿಯೇ ಎಡವುತ್ತದೆ: ಬ್ಯಾಕ್ಟೀರಿಯಾ ಹೋದ ಮೇಲೂ ಸ್ವಂತ ಕೀಲು, ಹೃದಯಗಳ ಮೇಲೆ ಎರಗುತ್ತದೆ. ಇದೇ ರುಮ್ಯಾಟಿಕ್ ಜ್ವರ, 5ರಿಂದ 15 ವರ್ಷದೊಳಗಿನವರಲ್ಲಿ ಹೆಚ್ಚು. ಕೀಲುಗಳು ಕಲೆಯೂ ಇಲ್ಲದಂತೆ ಸುಧಾರಿಸುತ್ತವೆ. ಕವಾಟಕ್ಕೆ ಆ ಭಾಗ್ಯವಿಲ್ಲ. ಮತ್ತೆ ಗಂಟಲು ಸೋಂಕು, ಮತ್ತೆ ಜ್ವರ, ಪ್ರತಿ ಸಲವೂ ಗಾಯದ ಮೇಲೆ ಗಾಯ. ಮೈಟ್ರಲ್ ಕವಾಟದ ಎಸಳುಗಳು ದಪ್ಪಗಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ದಾರಿ 1.5ಕ್ಕಿಂತ ಕೆಳಗಿಳಿದರೂ ಎಷ್ಟೋ ಜನ ಮನೆಗೆಲಸ ಮಾಡಿಕೊಂಡೇ ಇರುತ್ತಾರೆ.

ಗುಟ್ಟು ರಟ್ಟಾಗುವುದು ಬಸಿರಿನಲ್ಲಿ. ಆಗ ಮೈಯಲ್ಲಿ ರಕ್ತದ ಪ್ರಮಾಣ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ, ಹೃದಯದ ಬಡಿತವೂ ಏರುತ್ತದೆ. ಕಿರಿದಾದ ದಾರಿಯಲ್ಲಿ ಅಷ್ಟು ರಕ್ತ ದಾಟಲಾರದೆ ಹಿಂದಕ್ಕೆ, ಶ್ವಾಸಕೋಶದತ್ತ ಒತ್ತುತ್ತದೆ. ನಮ್ಮ ಹುಡುಗಿಗೆ ಈಗ ಇಪ್ಪತ್ತಮೂರು, ಆರನೇ ತಿಂಗಳು. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕೂತರೆ ಮಾತ್ರ ನೆಮ್ಮದಿ. ಬಸಿರಿಯ ಸುಸ್ತು ಎಂದು ಇದನ್ನೂ ತಳ್ಳಿಹಾಕುವವರಿದ್ದಾರೆ. ಮಲಗಿದಾಗ ಉಸಿರು ಕಟ್ಟುವುದು ಸುಸ್ತಲ್ಲ; ಒಂದು ಎಕೋ ಪರೀಕ್ಷೆ ಕವಾಟವನ್ನು ಕಣ್ಣೆದುರು ತೋರಿಸುತ್ತದೆ.

ಅಂಟಿದ ಕವಾಟವನ್ನು ತೊಡೆಯ ರಕ್ತನಾಳದ ಮೂಲಕ ಬಲೂನು ಸಾಗಿಸಿ ಬಿಡಿಸಬಹುದು. ಅಗತ್ಯ ಬಿದ್ದರೆ ಬಸಿರಿನಲ್ಲಿಯೂ ಮಾಡುತ್ತಾರೆ. ಆದರೆ ಸುಣ್ಣಗಟ್ಟಿದ ಅಥವಾ ತೀರಾ ಸೋರುವ ಕವಾಟಕ್ಕೆ ಬಲೂನು ಒಗ್ಗದು, ಶಸ್ತ್ರಚಿಕಿತ್ಸೆಯೇ ಬೇಕು.

ಇಷ್ಟೆಲ್ಲ ತಪ್ಪಿಸಲು ಎರಡು ಅವಕಾಶಗಳಿದ್ದವು. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಕೊಟ್ಟಿದ್ದರೆ ರುಮ್ಯಾಟಿಕ್ ಜ್ವರವೇ ಬಹುಮಟ್ಟಿಗೆ ತಪ್ಪುತ್ತಿತ್ತು. ಅದು ಕೈತಪ್ಪಿದರೆ, ಕೀಲುನೋವು ಬಂದಾಗಲಾದರೂ ಗುರುತಿಸಿ ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಶುರುಮಾಡಬಹುದಿತ್ತು. ಈ ಸೂಜಿ ಆಗಿಹೋದ ಗಾಯಕ್ಕೆ ಮದ್ದಲ್ಲ, ಮುಂದಿನ ಗಂಟಲು ಸೋಂಕಿಗೆ ತಡೆ. ಹಾಗಾಗಿಯೇ ಮಗು ಚೆನ್ನಾಗಿ ಆಡಿಕೊಂಡಿರುವಾಗ ‘ಇನ್ನೇಕೆ’ ಎನಿಸುತ್ತದೆ. ಚುಚ್ಚಿದ ಜಾಗ ಎರಡು ದಿನ ನೋಯುತ್ತದೆ, ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಬಿಡುವವರನ್ನು ಬೈದು ಪ್ರಯೋಜನವಿಲ್ಲ. ಹೃದಯಕ್ಕೆ ಪೆಟ್ಟಾಗಿದ್ದರೆ ಇದು ಕನಿಷ್ಠ ಹತ್ತು ವರ್ಷದ ಲೆಕ್ಕ. ಕವಾಟ ತೀರಾ ಹಾಳಾಗಿದ್ದರೆ ನಲವತ್ತು ವಯಸ್ಸಿನವರೆಗೆ, ಕೆಲವರಿಗೆ ಜೀವನಪರ್ಯಂತ. ಬಲೂನು ಹಾಕಿಸಿಕೊಂಡ ಮೇಲೂ ಸೂಜಿ ನಿಲ್ಲಿಸುವಂತಿಲ್ಲ.